ಹೋಗುವ ಮೊದಲೇ ಮರಳುವ ಮಾತು

ಆ ಅರ್ಜಿ ನನ್ನ ಮೇಜಿಗೆ ಬಂದದ್ದು 2024ರ ಫೆಬ್ರುವರಿ ಕೊನೆಯ ವಾರ. ಬೆಂಗಳೂರಿನಲ್ಲಿರುವ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ನಾನಾಗ ಆಡಳಿತ ವಿಭಾಗದ ಅಧೀಕ್ಷಕ. ಅರ್ಜಿ ಬರೆದವರು ನಮ್ಮಲ್ಲೇ ಕೆಲಸ ಮಾಡುತ್ತಿದ್ದ ಅಂತರ್ಜಲ ವಿಜ್ಞಾನಿ. ಕೋಲಾರ, ಪಾವಗಡ ಕಡೆಯ ಕೊಳವೆಬಾವಿಗಳ ನೀರಿನ ಮಾದರಿ ತಂದು ಫ್ಲೋರೈಡ್ ಅಂಶ ಅಳೆಯುವುದು ಅವರ ಕೆಲಸ. ಬ್ರಿಟನ್ನಿನ ವಿಶ್ವವಿದ್ಯಾಲಯವೊಂದರಲ್ಲಿ ಜಲಭೂವಿಜ್ಞಾನದ ಒಂದು ವರ್ಷದ ಎಂಎಸ್ಸಿಗೆ ಸೀಟು ಸಿಕ್ಕಿತ್ತು, ಹೊರದೇಶದ ಪ್ರತಿಷ್ಠಾನವೊಂದು ಖರ್ಚು ಕೊಡಲು ಒಪ್ಪಿತ್ತು. ಒಂದೇ ಪುಟದ ಅರ್ಜಿ. ಬಾಲ್ಯದಿಂದ ಇದ್ದ ಆಸೆ, ಆ ವಿಶ್ವವಿದ್ಯಾಲಯದ ಹೆಸರು ಎಷ್ಟು ದೊಡ್ಡದು, ಇಂಥ ಅವಕಾಶ ಮತ್ತೆ ಬಾರದು, ದಯಮಾಡಿ ರಜೆ ಮಂಜೂರು ಮಾಡಬೇಕು ಎಂದಿತ್ತು.

ಅದರಲ್ಲಿ ಸುಳ್ಳು ಏನೂ ಇರಲಿಲ್ಲ. ಆದರೆ ಅದನ್ನು ಇಟ್ಟುಕೊಂಡು ನಾನು ಟಿಪ್ಪಣಿ ಹಾಳೆಯ ಮೇಲೆ ಒಂದು ಸಾಲೂ ಬರೆಯುವಂತಿರಲಿಲ್ಲ.

ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಧ್ಯಯನ ರಜೆಯ ಅರ್ಜಿಯನ್ನು ಮಂಜೂರು ಮಾಡುವ ಸಕ್ಷಮ ಪ್ರಾಧಿಕಾರ ಆ ಅರ್ಜಿಯನ್ನು ಮೊದಲು ಓದುವುದಿಲ್ಲ. ಮೊದಲು ಓದುವವನು ಕೇಸ್ ವರ್ಕರ್. ಅವನು ಅರ್ಜಿಯ ಸಾರವನ್ನು ಕಡತದ ಟಿಪ್ಪಣಿ ಹಾಳೆಗೆ ಇಳಿಸಿ, ಪಕ್ಕದಲ್ಲಿ ನಿಯಮ ಬರೆದು, ‘ಅರ್ಹರಿದ್ದಾರೆ’ ಅಥವಾ ‘ಈ ಅಂಶ ಸ್ಪಷ್ಟವಿಲ್ಲ’ ಎಂದು ಮೇಲಕ್ಕೆ ಕಳುಹಿಸುತ್ತಾನೆ. ಮೇಲಿನವರು ಸಹಿ ಹಾಕುವುದು ಆ ಟಿಪ್ಪಣಿಗೆ. ‘ಸ್ಪಷ್ಟವಿಲ್ಲ’ ಎಂಬ ಒಂದು ಪದ ಸಾಕು, ಕಡತ ಬಂದ ದಾರಿಯಲ್ಲೇ ಕೆಳಗಿಳಿಯುತ್ತದೆ. ಮತ್ತೆ ಹತ್ತುವಷ್ಟರಲ್ಲಿ ಎರಡು ತಿಂಗಳು ಹೋಗಿರುತ್ತದೆ, ಸೆಪ್ಟೆಂಬರಿನಲ್ಲಿ ಶುರುವಾಗುವ ಕೋರ್ಸು ಯಾರಿಗೂ ಕಾಯುವುದಿಲ್ಲ.

ಅವರನ್ನು ಕರೆಸಿ ಕೂರಿಸಿದೆ. “ಮೇಡಂ, ಈ ಕಾಗದ ಚೆನ್ನಾಗಿದೆ. ಆದರೆ ಇದು ನಿಮ್ಮ ತಂದೆಗೆ ಬರೆದ ಹಾಗಿದೆ. ಇಲಾಖೆ ಕೇಳುವುದು ಬೇರೆ,” ಎಂದೆ. ಕಪಾಟಿನಿಂದ ರಜೆ ನಿಯಮಗಳ ಪುಸ್ತಕ ತೆಗೆದು 50ನೇ ನಿಯಮದ ಪುಟ ತೆರೆದು ಅವರ ಮುಂದಿಟ್ಟೆ.

ಕೇಂದ್ರ ನಾಗರಿಕ ಸೇವಾ (ರಜೆ) ನಿಯಮಗಳು, 1972. ಅದರಲ್ಲಿ 50ರಿಂದ 63ರವರೆಗಿನ ನಿಯಮಗಳು ಅಧ್ಯಯನ ರಜೆಯವು. ಕೇಂದ್ರದ ನೌಕರರಿಗೆ ಇದೇ ಆಧಾರ. ರಾಜ್ಯ ಸರ್ಕಾರದ ನೌಕರರು ಕರ್ನಾಟಕ ನಾಗರಿಕ ಸೇವಾ ನಿಯಮಗಳನ್ನು ನೋಡಬೇಕು, ಅಲ್ಲಿನ ಷರತ್ತುಗಳು ಪ್ರತ್ಯೇಕ. ನಾನು ಹೇಳುತ್ತಿರುವುದು ಕೇಂದ್ರದ್ದು ಮಾತ್ರ.

ಅರ್ಹತೆಯ ಲೆಕ್ಕ ಬೇಗ ಮುಗಿಯಿತು. ಪ್ರೊಬೇಷನ್ ಮುಗಿದಿರಬೇಕು, ಅದೂ ಸೇರಿ ಕನಿಷ್ಠ ಐದು ವರ್ಷದ ನಿರಂತರ ಸೇವೆ ಆಗಿರಬೇಕು. ಅವರು ಸೇರಿದ್ದು 2018ರ ನವೆಂಬರ್. ತೊಂದರೆ ಇಲ್ಲ. ವಿಷಯಕ್ಕೂ ಕೆಲಸಕ್ಕೂ ನೇರವಾದ, ಹತ್ತಿರದ ಸಂಬಂಧ ಇರಬೇಕು, ಅಂತರ್ಜಲದ ಅಧಿಕಾರಿ ಅಂತರ್ಜಲವನ್ನೇ ಓದಲು ಹೊರಟಿದ್ದರಿಂದ ಅದೂ ಸರಿ. ಸಾಮಾನ್ಯವಾಗಿ ಒಂದು ಬಾರಿಗೆ 12 ತಿಂಗಳು, ಇಡೀ ಸೇವೆಯಲ್ಲಿ ಒಟ್ಟು 24 ತಿಂಗಳು ಈ ರಜೆ ಸಿಗುತ್ತದೆ. ಬ್ರಿಟನ್ನಿನ ಒಂದು ವರ್ಷದ ಪದವಿ ಈ ಅಳತೆಗೆ ಹೊಲಿದಂತೆ ಕೂರುತ್ತದೆ. ಅಮೆರಿಕದ ಎರಡು ವರ್ಷದ ಎಂಎಸ್ ಆದರೆ ಜೀವಮಾನದ ರಜೆಯೆಲ್ಲ ಒಮ್ಮೆಗೇ ಖರ್ಚು, ಅದಕ್ಕೆ ಕಾರಣವನ್ನೂ ಜೋರಾಗಿ ಬರೆಯಬೇಕಾಗುತ್ತದೆ.

ಸಿಕ್ಕಿಬಿದ್ದದ್ದು 50ನೇ ನಿಯಮದ ನಾಲ್ಕನೇ ಉಪನಿಯಮದಲ್ಲಿ. ಭಾರತದಲ್ಲೇ ಸಾಕಷ್ಟು ಸೌಲಭ್ಯವಿರುವ ವಿಷಯವನ್ನು ಓದಲು ಹೊರದೇಶಕ್ಕೆ ಅಧ್ಯಯನ ರಜೆ ಕೊಡುವಂತಿಲ್ಲ. ಅವರ ಅರ್ಜಿಯಲ್ಲಿ ಈ ಪ್ರಶ್ನೆಗೆ ಒಂದಕ್ಷರ ಉತ್ತರ ಇರಲಿಲ್ಲ. ರೂರ್ಕಿಯ ಐಐಟಿಯಲ್ಲಿ ಜಲವಿಜ್ಞಾನಕ್ಕೆಂದೇ ಒಂದು ವಿಭಾಗವಿದೆ. ನೀರಿನ ಇಲಾಖೆಗಳಲ್ಲಿ ಅದರ ಹೆಸರು ಗೊತ್ತಿಲ್ಲದವರಿಲ್ಲ. ದೆಹಲಿಯಲ್ಲಿ ಕಡತ ನೋಡುವವರು ಮೊದಲ ದಿನವೇ ಕೇಳುವ ಪ್ರಶ್ನೆ ‘ರೂರ್ಕಿ ಯಾಕೆ ಆಗುವುದಿಲ್ಲ?’ ಎಂಬುದೇ. ದೂರಸಂವೇದಿ ವಿಷಯ ಓದಲು ನೆದರ್ಲೆಂಡ್ಸಿನ ಐಟಿಸಿಗೆ ಹೋಗುತ್ತೇನೆಂದು ಬರೆದವರಿಗೂ ಇದೇ ಪ್ರಶ್ನೆ ಎದುರಾಗುತ್ತದೆ. 1966ರಲ್ಲಿ ಅದೇ ಐಟಿಸಿಯ ಸಹಯೋಗದಲ್ಲಿ ಡೆಹ್ರಾಡೂನಿನಲ್ಲಿ ಹುಟ್ಟಿದ ಸಂಸ್ಥೆ ನಮ್ಮಲ್ಲೇ ಇದೆಯಲ್ಲ, ಎನ್ನುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಜನರ ದುಡ್ಡಿನಲ್ಲಿ ಸಂಬಳ ಕೊಟ್ಟು ಕಳುಹಿಸುವಾಗ ಕೇಳಲೇಬೇಕು.

ಇದಕ್ಕೆ ‘ಅಲ್ಲಿ ಗುಣಮಟ್ಟ ಜಾಸ್ತಿ’ ಎಂಬುದು ಉತ್ತರವಲ್ಲ. ಅದನ್ನು ಟಿಪ್ಪಣಿಗೆ ಇಳಿಸಲಾಗದು, ಇಳಿಸಿದರೂ ನಿಲ್ಲದು. ಅವರಿಗೆ ಒಂದು ವಾರ ಸಮಯ ಕೊಟ್ಟು, ರೂರ್ಕಿಯ ಪಠ್ಯಕ್ರಮವನ್ನೂ ಅಲ್ಲಿಯದನ್ನೂ ಪಕ್ಕಪಕ್ಕ ಇಟ್ಟುಕೊಂಡು ನೋಡಿ, ನಮ್ಮ ಕೆಲಸಕ್ಕೆ ಬೇಕಾದ ಯಾವ ಭಾಗ ಇಲ್ಲಿ ಒಂದೇ ಕೋರ್ಸಿನೊಳಗೆ ಸಿಗುವುದಿಲ್ಲ ಎಂದು ಹುಡುಕಿ ಬರೆಯಿರಿ ಎಂದೆ. ಸಿಕ್ಕರೆ ಆಗ ಏನು ಮಾಡುವುದು ಎಂದು ಕೇಳಿದರು. “ಸಿಕ್ಕರೆ ರೂರ್ಕಿಗೆ ಅರ್ಜಿ ಹಾಕಿ, ರಜೆ ಅಲ್ಲಿಗೂ ಸಿಗುತ್ತದೆ,” ಎಂದೆ. ಅವರ ಮುಖ ಸ್ವಲ್ಪ ಬಾಡಿತು. ಆದರೂ ಆ ಮಾತು ಹೇಳದೆ ಬೇರೆ ದಾರಿ ಇರಲಿಲ್ಲ.

ಒಂದು ವಾರದ ನಂತರ ಬಂದ ಅರ್ಜಿ ಬೇರೆಯೇ ಇತ್ತು. ಕಚೇರಿಯ ರೂಢಿಯಂತೆ ಇಂಗ್ಲಿಷಿನಲ್ಲಿದ್ದ ಅದರ ಮುಖ್ಯ ಭಾಗವನ್ನು ಕನ್ನಡದಲ್ಲಿ ಹೇಳುವುದಾದರೆ ಹೀಗಿತ್ತು:

“ಸಕ್ಷಮ ಪ್ರಾಧಿಕಾರದವರಿಗೆ, ಕಚೇರಿ ಮುಖ್ಯಸ್ಥರ ಮೂಲಕ.

ವಿಷಯ: ಜಲಭೂವಿಜ್ಞಾನದಲ್ಲಿ ಎಂಎಸ್ಸಿ ಪದವಿಗಾಗಿ 23-9-2024ರಿಂದ 22-9-2025ರವರೆಗೆ ಭಾರತದ ಹೊರಗೆ ಅಧ್ಯಯನ ರಜೆ ಕೋರಿ.

ನಾನು 2018ರ ನವೆಂಬರಿನಲ್ಲಿ ಸೇವೆಗೆ ಸೇರಿದ್ದು, ಪ್ರೊಬೇಷನ್ ತೃಪ್ತಿಕರವಾಗಿ ಮುಗಿದಿದೆ. ಈವರೆಗೆ ಅಧ್ಯಯನ ರಜೆ ಪಡೆದಿಲ್ಲ. ನನ್ನ ಕೆಲಸ ಗಟ್ಟಿ ಶಿಲೆಯ ಪ್ರದೇಶದ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಪರೀಕ್ಷೆ. ಯಾವ ಬಾವಿಯಲ್ಲಿ ಎಷ್ಟಿದೆ ಎಂಬುದನ್ನು ನಾವು ಅಳೆಯುತ್ತಿದ್ದೇವೆ. ಬಿರುಕು ಬಂಡೆಯೊಳಗೆ ಅದು ಎತ್ತ ಹರಿಯುತ್ತದೆ, ಮುಂದಿನ ಬಾವಿಯನ್ನು ಎಲ್ಲಿ ಕೊರೆಯಬಾರದು ಎಂದು ಹೇಳುವ ಮಾದರಿ ಕಟ್ಟುವ ತರಬೇತಿ ನನ್ನ ವಿಭಾಗದಲ್ಲಿ ಯಾರಿಗೂ ಇಲ್ಲ.

ಉದ್ದೇಶಿತ ಕೋರ್ಸಿನಲ್ಲಿ ಬಿರುಕು ಬಂಡೆಯ ಅಂತರ್ಜಲ ಹರಿವು, ಮಾಲಿನ್ಯ ಸಾಗಣೆಯ ಗಣಕ ಮಾದರಿ ಮತ್ತು ಕ್ಷೇತ್ರಕಾರ್ಯ ಆಧಾರಿತ ಪ್ರಬಂಧ ಮೂರೂ ಒಂದೇ ವರ್ಷದಲ್ಲಿ ಸೇರಿವೆ. ಭಾರತದಲ್ಲಿ ಲಭ್ಯವಿರುವ ಕೋರ್ಸುಗಳ ಪಠ್ಯಕ್ರಮವನ್ನು ಹೋಲಿಸಿದ ಪಟ್ಟಿಯನ್ನು ಅನುಬಂಧ ಎರಡರಲ್ಲಿ ಇಟ್ಟಿದ್ದೇನೆ. ಪ್ರಬಂಧದ ವಿಷಯ ಪಾವಗಡ ತಾಲ್ಲೂಕಿನ ದತ್ತಾಂಶವಾಗಿರಲು ವಿಶ್ವವಿದ್ಯಾಲಯ ಒಪ್ಪಿದೆ. ಪತ್ರ ಅನುಬಂಧ ಮೂರು.

ಕೋರ್ಸು, ಅದರ ಪರೀಕ್ಷೆಗಳು, ಆರಂಭ ಮತ್ತು ಮುಕ್ತಾಯದ ದಿನಾಂಕ ಅನುಬಂಧ ಒಂದರಲ್ಲಿವೆ. ಬೋಧನಾ ಶುಲ್ಕ, ಪ್ರಯಾಣ ಮತ್ತು ವಾಸದ ವೆಚ್ಚವನ್ನು ವಿದ್ಯಾರ್ಥಿವೇತನ ಭರಿಸುತ್ತದೆ. ಅದರ ಮೊತ್ತ ಮತ್ತು ಷರತ್ತುಗಳನ್ನು ಪೂರ್ತಿ ಲಗತ್ತಿಸಿದ್ದೇನೆ. ಸರ್ಕಾರದಿಂದ ಶುಲ್ಕ ಅಥವಾ ಪ್ರಯಾಣ ವೆಚ್ಚ ಕೋರುವುದಿಲ್ಲ.

53ನೇ ನಿಯಮದಂತೆ ರಜೆ ಆರಂಭವಾಗುವ ಮೊದಲು ಬಾಂಡ್ ಬರೆದುಕೊಡುತ್ತೇನೆ. ಕರ್ತವ್ಯಕ್ಕೆ ಮರಳಿದ ಮೇಲೆ ಮೂರು ವರ್ಷ ಸೇವೆ ಸಲ್ಲಿಸುವ ಷರತ್ತನ್ನೂ, ತಪ್ಪಿದರೆ 63ನೇ ನಿಯಮದಂತೆ ಮರುಪಾವತಿಸುವ ಹೊಣೆಯನ್ನೂ ಓದಿ ತಿಳಿದುಕೊಂಡಿದ್ದೇನೆ. ನನ್ನ ಗೈರಿನಲ್ಲಿ ಮಾದರಿ ಸಂಗ್ರಹ ನಿಲ್ಲದಂತೆ ಮಾಡಿಕೊಂಡ ವ್ಯವಸ್ಥೆಯ ಬಗ್ಗೆ ನನ್ನ ಮೇಲಧಿಕಾರಿಯವರ ಟಿಪ್ಪಣಿ ಅನುಬಂಧ ನಾಲ್ಕು.”

ಈ ಪತ್ರದಲ್ಲಿ ನನಗೆ ಬಹಳ ಹಿಡಿಸಿದ್ದು ‘ಮುಂದಿನ ಬಾವಿಯನ್ನು ಎಲ್ಲಿ ಕೊರೆಯಬಾರದು’ ಎಂಬ ಮಾತು. ಈ ಕೋರ್ಸಿನಿಂದ ಸಾರ್ವಜನಿಕ ಹಿತಕ್ಕೆ ಖಚಿತವಾದ ಪ್ರಯೋಜನವಿದೆ ಎಂದು ಮಂಜೂರು ಮಾಡುವವರು ಪ್ರಮಾಣೀಕರಿಸಬೇಕು, ಅದಿಲ್ಲದೆ ರಜೆಯೇ ಇಲ್ಲ. ಆ ಪ್ರಮಾಣಪತ್ರಕ್ಕೆ ಬೇಕಾದ ವಾಕ್ಯವನ್ನು ಅರ್ಜಿದಾರರೇ ಬರೆದುಕೊಟ್ಟರೆ ಟಿಪ್ಪಣಿಯಲ್ಲಿ ಅದನ್ನೇ ಎತ್ತಿ ಬರೆಯಬಹುದು. ನಾನು ಹಾಗೆಯೇ ಮಾಡಿದೆ.

ತಾರೀಖುಗಳನ್ನೂ ಅವರು ಎರಡನೇ ಸಲ ಸರಿಮಾಡಿಕೊಂಡಿದ್ದರು. ಮೊದಲ ಅರ್ಜಿಯಲ್ಲಿ ಸೆಪ್ಟೆಂಬರ್ 12ರಿಂದಲೇ, ಅಲ್ಲಿ ಹೋಗಿ ಮನೆ ನೋಡಿಕೊಳ್ಳುವ ದಿನಗಳನ್ನೂ ಸೇರಿಸಿ, ಅಧ್ಯಯನ ರಜೆ ಕೇಳಿದ್ದರು. ಹಾಗೆ ಕೇಳಿದರೆ 12 ತಿಂಗಳು ಮುಂದಿನ ಸೆಪ್ಟೆಂಬರ್ 11ಕ್ಕೆ ಮುಗಿಯುತ್ತದೆ, ಪ್ರಬಂಧ ಸಲ್ಲಿಸುವುದು 19ಕ್ಕೆ. ಕೊನೆಯ ವಾರ ರಜೆಯೇ ಇಲ್ಲದ ಸ್ಥಿತಿ. ಮೊದಲ 11 ದಿನಕ್ಕೆ ಗಳಿಕೆ ರಜೆ, ಕೋರ್ಸು ಶುರುವಾಗುವ 23ರಿಂದ ಅಧ್ಯಯನ ರಜೆ ಎಂದು ಬದಲಿಸಿದ ಮೇಲೆ ಎಲ್ಲ ಕೂಡಿಬಂತು. ಅಧ್ಯಯನ ರಜೆಯ ಜೊತೆ ಬೇರೆ ರಜೆ ಸೇರಿಸಬಹುದು. ಅಸಾಧಾರಣ ರಜೆ ಬಿಟ್ಟು ಉಳಿದ ರಜೆಗಳೊಂದಿಗೆ ಸೇರಿಸಿದಾಗ ಒಟ್ಟು ಗೈರು ಸಾಮಾನ್ಯವಾಗಿ 28 ತಿಂಗಳು, ಪಿಎಚ್‌ಡಿಯಾದರೆ 36 ತಿಂಗಳು ದಾಟಬಾರದು, ಅಷ್ಟೆ. ಅಧ್ಯಯನ ರಜೆಯನ್ನು ರಜೆ ಖಾತೆಯಿಂದ ಕಳೆಯುವುದಿಲ್ಲ ಎಂಬುದನ್ನು ಬಹಳ ಜನ ತಿಳಿದಿರುವುದಿಲ್ಲ. ಗಳಿಕೆ ರಜೆ ಇದ್ದಷ್ಟೂ ಹಾಗೇ ಉಳಿದಿರುತ್ತದೆ. ಮಾತು ಮುರಿದರೆ ಮಾತ್ರ ಅದು ಬೇರೆ ಕಥೆ.

ಆ ಕಥೆಗೇ ಬರುತ್ತೇನೆ. ಅರ್ಜಿಯಲ್ಲಿ ಬಾಂಡಿನ ಬಗ್ಗೆ ಒಂದು ಪ್ಯಾರಾ ಬರೆದುಬಿಡುವುದು ಸುಲಭ. ಬಾಂಡನ್ನು ಕೂತು ಓದುವವರು ಕಡಿಮೆ. ನಾನು ಅವರ ಕೈಗೆ ಏಳನೇ ನಮೂನೆಯ ಖಾಲಿ ಪ್ರತಿ ಕೊಟ್ಟು, ಮನೆಗೆ ಒಯ್ದು ಗಂಡನಿಗೂ ತಂದೆಗೂ ಓದಿಸಿಕೊಂಡು ಬನ್ನಿ ಎಂದೆ. ಕಾರಣವಿದೆ. ಆ ನಮೂನೆಯಲ್ಲಿ ಸಹಿ ಮಾಡುವವರು ತಮ್ಮನ್ನು ಮಾತ್ರವಲ್ಲ, ತಮ್ಮ ವಾರಸುದಾರರನ್ನೂ ಕಟ್ಟಿಹಾಕುತ್ತಾರೆ. ಭಾರತದ ರಾಷ್ಟ್ರಪತಿಯವರಿಗೆ, ಕೇಳಿದ ಕೂಡಲೇ, ಇಷ್ಟು ಹಣ ಬಡ್ಡಿಸಹಿತ ಕೊಡಲು ಬದ್ಧ ಎಂದು ಬರೆದುಕೊಡುವ ಪತ್ರ ಅದು. ಖಾಯಂ ನೌಕರರಿಗೆ ಏಳನೇ ನಮೂನೆ. ಖಾಯಂ ಅಲ್ಲದವರ ನಮೂನೆ ಬೇರೆ, ಅದರಲ್ಲಿ ಜಾಮೀನುದಾರರೂ ಸಹಿ ಹಾಕಬೇಕು.

ಬಾಂಡ್ ಯಾವಾಗ ಮುರಿಯುತ್ತದೆ? ವಾಪಸ್ ಬರದೇ ಇದ್ದರೆ ಮುರಿಯುತ್ತದೆ ಎಂಬುದು ಎಲ್ಲರಿಗೂ ಗೊತ್ತು. ವಾಪಸ್ ಬಂದು ಮೂರು ವರ್ಷದೊಳಗೆ ರಾಜೀನಾಮೆ ಕೊಟ್ಟರೂ, ಸ್ವಯಂ ನಿವೃತ್ತಿ ತೆಗೆದುಕೊಂಡರೂ ಮುರಿಯುತ್ತದೆ. ಮೂರನೆಯದು ಬಹಳ ಜನರ ಗಮನಕ್ಕೆ ಬಾರದ್ದು. ಕೋರ್ಸು ಪೂರ್ಣಗೊಳಿಸದೆ, ಪ್ರಮಾಣಪತ್ರ ಒಪ್ಪಿಸಲಾಗದೆ ಹೋದರೂ ಹಣ ವಾಪಸ್ ಕೊಡಬೇಕು, ನೀವು ನಿಯತ್ತಾಗಿ ಮರುದಿನವೇ ಕೆಲಸಕ್ಕೆ ಹಾಜರಾಗಿದ್ದರೂ ಸರಿ. ಪ್ರಬಂಧ ಅರ್ಧಕ್ಕೆ ಬಿಟ್ಟು ಬಂದರೆ ಬರೀ ಪದವಿ ಮಾತ್ರ ಹೋಗುವುದಲ್ಲ.

ಎಷ್ಟು ಹಣ ಎಂಬುದನ್ನು ಅಂದು ಇಬ್ಬರೂ ಕೂತು ಲೆಕ್ಕ ಹಾಕಿದೆವು. ಹೊರಡುವಾಗ ಅವರ ಮೂಲವೇತನ 67,000 ರೂಪಾಯಿ ಆಗುತ್ತಿತ್ತು. ಅಧ್ಯಯನ ರಜೆಯಲ್ಲಿ ಕೊನೆಗೆ ಪಡೆದ ವೇತನ, ಅದರ ಮೇಲೆ ತುಟ್ಟಿಭತ್ಯೆ ಸಿಗುತ್ತದೆ. ಆಗ ತುಟ್ಟಿಭತ್ಯೆ ಶೇ 50 ಇತ್ತು, ಅಂದರೆ 33,500. ಮನೆ ಬಾಡಿಗೆ ಭತ್ಯೆಯನ್ನು ಬದಿಗಿಟ್ಟರೆ ತಿಂಗಳಿಗೆ 1,00,500. ಹನ್ನೆರಡು ತಿಂಗಳಿಗೆ 12,06,000 ರೂಪಾಯಿ. “ಇಷ್ಟೇನಾ ಸರ್, ಕಷ್ಟಪಟ್ಟರೆ ಕಟ್ಟಬಹುದು,” ಎಂದರು.

“ಮುಂದಿನ ಸಾಲು ಓದಿ ಮೇಡಂ,” ಎಂದೆ.

63ನೇ ನಿಯಮ ಸರ್ಕಾರ ಕೊಟ್ಟ ಹಣದಲ್ಲಿ ನಿಲ್ಲುವುದಿಲ್ಲ. ಆ ಕೋರ್ಸಿಗಾಗಿ ವಿದೇಶಿ ಸರ್ಕಾರ, ಪ್ರತಿಷ್ಠಾನ, ಟ್ರಸ್ಟ್‌ನಂಥ ಬೇರೆ ಸಂಸ್ಥೆಗಳು ಮಾಡಿದ ಖರ್ಚನ್ನೂ ಮರುಪಾವತಿಸಬೇಕು ಎನ್ನುತ್ತದೆ. ಅವರ ವಿದ್ಯಾರ್ಥಿವೇತನ ಶುಲ್ಕ, ವಾಸ, ವಿಮಾನ ಎಲ್ಲ ಸೇರಿ ನಮ್ಮ ಲೆಕ್ಕದಲ್ಲಿ ಸುಮಾರು 30,00,000. ಕೂಡಿಸಿದರೆ 42,06,000. ಬೇಡಿಕೆ ಪತ್ರ ಕೈಗೆ ಬಂದ ಮೇಲೆ ಸರ್ಕಾರಿ ಸಾಲದ ದರದಲ್ಲಿ ಬಡ್ಡಿ. ಕಟ್ಟುವವರೆಗೂ ರಾಜೀನಾಮೆ ಅಂಗೀಕಾರವಾಗುವುದಿಲ್ಲ. ಜೊತೆಗೆ ಆ 12 ತಿಂಗಳ ಅಧ್ಯಯನ ರಜೆ ಅಳಿಸಿಹೋಗಿ, ಹೊರಡುವ ದಿನ ಖಾತೆಯಲ್ಲಿದ್ದ ಗಳಿಕೆ ರಜೆ, ಅರ್ಧ ವೇತನ ರಜೆಗಳಾಗಿ ಬದಲಾಗುತ್ತದೆ. ಸಾಲದೆ ಬಿದ್ದದ್ದು ಅಸಾಧಾರಣ ರಜೆ. ವರ್ಷಗಟ್ಟಲೆ ಕೂಡಿಟ್ಟ ರಜೆ ಹೀಗೆ ಕರಗಿಹೋಗುತ್ತದೆ.

ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ ಪ್ರಶ್ನೆ ಎಲ್ಲರೂ ಕೇಳುವಂಥದ್ದು. ಎರಡು ವರ್ಷ ಕೆಲಸ ಮಾಡಿ ಬಿಟ್ಟರೆ ಮೂರರಲ್ಲಿ ಎರಡು ಪಾಲು ಮನ್ನಾ ಆಗುವುದಿಲ್ಲವೇ? ನಿಯಮದಲ್ಲಿ ಅಂಥ ದಾಮಾಶಾ ಲೆಕ್ಕ ಇಲ್ಲ. ಹತ್ತಾರು ವರ್ಷದ ಹಿಂದೆ ನಾನು ಇನ್ನೊಂದು ಕಚೇರಿಯಲ್ಲಿದ್ದಾಗ ಒಬ್ಬ ಎಂಜಿನಿಯರ್ ಮೂರು ವರ್ಷಕ್ಕೆ ನಾಲ್ಕೇ ತಿಂಗಳು ಬಾಕಿ ಇರುವಾಗ ಖಾಸಗಿ ಕಂಪನಿಗೆ ಹೋಗಲು ರಾಜೀನಾಮೆ ಕೊಟ್ಟರು. ಪೂರ್ತಿ ಮೊತ್ತದ ಬೇಡಿಕೆ ಪತ್ರವನ್ನು ಟೈಪ್ ಮಾಡಿದ್ದು ನಾನೇ. ಅವರು ನಾಲ್ಕು ತಿಂಗಳು ಕಾದಿದ್ದರೆ ಒಂದು ರೂಪಾಯಿಯೂ ಕೊಡಬೇಕಿರಲಿಲ್ಲ. ಆ ದಿನ ಅವರು ಕುರ್ಚಿಯಲ್ಲಿ ಕೂತು ಕಾಗದವನ್ನು ಎರಡು ಮೂರು ಸಲ ಮಡಚಿ ಬಿಚ್ಚಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಸಾರ್ವಜನಿಕ ಹಿತದಲ್ಲಿ ಮೊತ್ತವನ್ನು ಮನ್ನಾ ಮಾಡುವ ಅಥವಾ ತಗ್ಗಿಸುವ ಅಧಿಕಾರ ರಾಷ್ಟ್ರಪತಿಯವರಿಗೆ ಇದೆ, ಅದನ್ನು ಹಕ್ಕೆಂದು ಕೇಳುವಂತಿಲ್ಲ. ಅನಾರೋಗ್ಯದ ಕಾರಣಕ್ಕೆ ನಿವೃತ್ತಿಗೆ ಅನುಮತಿ ಸಿಕ್ಕವರಿಗೆ, ಕೋರ್ಸು ಮುಗಿಸಿದ್ದರೆ, ವಿನಾಯಿತಿ ಉಂಟು. ಕಚೇರಿಯ ಮೂಲಕವೇ ಅರ್ಜಿ ಹಾಕಿ ಬೇರೆ ಸರ್ಕಾರಿ ಸಂಸ್ಥೆಗೆ ಹೋಗುವವರಿಗೆ ಉಳಿದ ಅವಧಿಯ ಬಾಂಡನ್ನು ಹೊಸ ಕಡೆಗೆ ಬರೆಸಿಕೊಳ್ಳುವ ದಾರಿಯೂ ಇದೆ. ಖಾಸಗಿಗೆ ಹೋಗುವವರಿಗೆ ಆ ದಾರಿ ಇಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಪೂರ್ತಿ ಮೊತ್ತ ವಸೂಲಿ ಮಾಡುವ ಈ ಕ್ರಮ ಬಿಗಿಯಾಯಿತು. ಎರಡೂಮುಕ್ಕಾಲು ವರ್ಷ ದುಡಿದವರನ್ನೂ ಒಂದು ದಿನವೂ ಬಾರದವರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿ ಅನ್ನಿಸುವುದಿಲ್ಲ. ಆದರೆ ಸಹಿ ಹಾಕುವವರು ಇರುವ ನಿಯಮವನ್ನು ನೋಡಿ ಸಹಿ ಹಾಕಬೇಕು.

ವಿದ್ಯಾರ್ಥಿವೇತನದ ಷರತ್ತು ಬೇರೆ, ಸರ್ಕಾರದ ಬಾಂಡ್ ಬೇರೆ ಎಂಬುದನ್ನೂ ಅಂದು ಬಿಡಿಸಿ ಹೇಳಬೇಕಾಯಿತು. ಬ್ರಿಟಿಷ್ ಸರ್ಕಾರದ ಚೀವ್ನಿಂಗ್ ವಿದ್ಯಾರ್ಥಿವೇತನವನ್ನೇ ನೋಡಿ, ಓದು ಮುಗಿದ ಮೇಲೆ ಎರಡು ವರ್ಷ ತಾಯ್ನಾಡಿಗೆ ಮರಳಿರಬೇಕು ಎನ್ನುತ್ತದೆ. ಅದು ದೇಶಕ್ಕೆ ಮರಳುವ ಮಾತು, ನಮ್ಮದು ಕರ್ತವ್ಯಕ್ಕೆ ಮರಳುವ ಮಾತು. ಅಲ್ಲಿನ ಎರಡು ವರ್ಷ ಮುಗಿಯಿತೆಂದು ಇಲ್ಲಿನ ಮೂರು ವರ್ಷ ಮುಗಿದಂತಲ್ಲ.

ಕಡತ ಮಾರ್ಚಿನಲ್ಲಿ ಹೊರಟಿತು. ಲೆಕ್ಕಪತ್ರ ವಿಭಾಗದಿಂದ ರಜೆ ಅರ್ಹತೆಯ ವರದಿ, ವಿಜಿಲೆನ್ಸ್ ನಿರಾಕ್ಷೇಪಣೆ, ವಿದೇಶ ಪ್ರಯಾಣದ ಅನುಮತಿ ಎಲ್ಲ ಬೇರೆ ಬೇರೆ ಕಾಗದ, ಒಂದು ಬಂತೆಂದು ಇನ್ನೊಂದು ಬರುವುದಿಲ್ಲ. ನಡುವೆ ಮೇ ತಿಂಗಳಲ್ಲಿ ವಿಶ್ವವಿದ್ಯಾಲಯ ಮುಂಗಡ ಠೇವಣಿ ಕೇಳಿತು. ಕಟ್ಟಬಹುದೇ ಎಂದು ಫೋನ್ ಮಾಡಿದರು. ಒಪ್ಪಿಗೆ ಬರುವ ಮುನ್ನ ಮಾಡುವ ಖರ್ಚು ಸ್ವಂತ ಜವಾಬ್ದಾರಿಯದು ಎಂಬ ಧಾಟಿಯ ಮಾತು 52ನೇ ನಿಯಮದಲ್ಲಿದೆ, ಅದನ್ನೇ ಹೇಳಿದೆ. ಅವರು ಕಟ್ಟಿದರು. ಜುಲೈ ಮೂರನೇ ವಾರ ಆದೇಶ ಬಂತು. ರೂರ್ಕಿಯ ಪ್ರಶ್ನೆ ದೆಹಲಿಯಿಂದ ಬಂದೇ ಬಂದಿತ್ತು, ಅನುಬಂಧ ಎರಡನ್ನು ತೋರಿಸಿದ್ದರಿಂದ ಕಡತ ಕೆಳಗಿಳಿಯಲಿಲ್ಲ. ಆಗಸ್ಟಿನಲ್ಲಿ ಇಬ್ಬರು ಸಾಕ್ಷಿಗಳ ಮುಂದೆ ಬಾಂಡಿಗೆ ಸಹಿ ಆಯಿತು. ಅವರ ತಂದೆ ಪಾವಗಡದಿಂದ ಬಂದಿದ್ದರು. ಸಹಿ ಹಾಕುವ ಮೊದಲು ಅವರು ಕನ್ನಡಕ ಹಾಕಿಕೊಂಡು ಮೊತ್ತದ ಸಾಲನ್ನು ಬೆರಳಿಟ್ಟು ಓದಿದರು.

2025ರ ಸೆಪ್ಟೆಂಬರ್ 23, ಮಂಗಳವಾರ ಬೆಳಿಗ್ಗೆ ಅವರು ಹಾಜರಿ ವರದಿ ಹಿಡಿದು ಬಂದರು. ಪದವಿ ಪತ್ರ ಇನ್ನೂ ಬಂದಿರಲಿಲ್ಲ, ಅಲ್ಲಿ ಫಲಿತಾಂಶಕ್ಕೆ ಕೆಲವು ವಾರ ಹಿಡಿಯುತ್ತದೆ. ಕೋರ್ಸು ಶುರುವಾದ ದಿನ, ಮುಗಿದ ದಿನ, ಪ್ರಬಂಧ ಸಲ್ಲಿಸಿದ್ದು ಇಷ್ಟನ್ನು ವಿಭಾಗದ ಮುಖ್ಯಸ್ಥರಿಂದ ಬರೆಸಿ ತಂದಿದ್ದರು. ಮೂಲ ಪ್ರಮಾಣಪತ್ರವನ್ನು ನಂತರ ಒಪ್ಪಿಸುವುದಾಗಿ ಕೆಳಗೆ ಬರೆದು ಸಹಿ ಮಾಡಿದರು. ಸೇವಾ ಪುಸ್ತಕದಲ್ಲಿ ರಜೆಯ ನಮೂದನ್ನು ಮುಗಿಸಿ, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ‘ಬಾಂಡ್ ಅವಧಿ 22-9-2028ರವರೆಗೆ’ ಎಂದು ಬರೆದೆ. ಅವರು ಆ ತಾರೀಖನ್ನು ತಮ್ಮ ಡೈರಿಯ ಮೊದಲ ಪುಟದಲ್ಲಿ ಬರೆದುಕೊಂಡರು. ಆ ವಾರದ ಕೊನೆಗೆ ಮಾದರಿ ಬಾಟಲಿಗಳ ಪೆಟ್ಟಿಗೆ ಜೀಪಿಗೆ ಹತ್ತಿತು. ಹಿಂದಿನ ಸೀಟಿನಲ್ಲಿ ಅವರ ಪ್ರಬಂಧದ ನಕ್ಷೆ ಸುರುಳಿ ಸುತ್ತಿ ಇಟ್ಟಿತ್ತು.